ನಾಲ್ಕಕ್ಷರದೊಳಗೆ ನಾಲ್ಕು ಮಾತು: ರೋಮನ್ ಕೀಲಿಯಿಂದ ಕನ್ನಡ ಮೂಡುವ ಸೋಜಿಗ

bele. ನಾಲ್ಕೇ ಕೀಲಿ. ಪಂಜದ ಅಡಿಕೆ ಕೃಷಿಕರೊಬ್ಬರು ಫೋನ್ ಕೈಗೆತ್ತಿಕೊಂಡು ಈ ನಾಲ್ಕು ಅಕ್ಷರ ಒತ್ತಿದರು ಎಂದುಕೊಳ್ಳಿ. ಅವರು ಬರೆದದ್ದು ಏನು? ಚಾಲಿ ಅಡಿಕೆಗೆ ಇವತ್ತು ಸಿಗುವ ಬೆಲೆಯೇ? ತೋಟದಲ್ಲಿ ನಿಂತಿರುವ ಬೆಳೆಯೇ? ಸಾರಿಗೆ ಹಾಕುವ ಬೇಳೆಯೇ? ಅಥವಾ ಅವರು ಮನೆಯಲ್ಲಿ ತುಳು ಮಾತಾಡುವವರಾಗಿದ್ದರೆ ‘ಕೆಲಸ’ ಎಂಬ ಅರ್ಥದ ಬೇಲೆಯೇ? ನಾಲ್ಕೂ ನಿಜವಾದ ಮಾತುಗಳು. ಪಂಜದ ಪೇಟೆಯಲ್ಲಿ ಒಂದೇ ದಿನ ನಾಲ್ಕೂ ಕಿವಿಗೆ ಬೀಳುತ್ತವೆ. ನಾಲ್ಕನ್ನೂ ರೋಮನ್ ಅಕ್ಷರದಲ್ಲಿ ಜನ ಬರೆಯುವುದು ಒಂದೇ ರೀತಿ!

ಹಾಗಿದ್ದೂ ಆ ಸಂದೇಶ ಓದಿದವರು ಸಾಮಾನ್ಯವಾಗಿ ತಡವರಿಸುವುದಿಲ್ಲ. ಕಣ್ಣು ಅಕ್ಷರದ ಮೇಲೆ ಬೀಳುತ್ತಿದ್ದಂತೆಯೇ ಸರಿಯಾದ ಮಾತು ಮನಸ್ಸಿನಲ್ಲಿ ಮೂಡಿರುತ್ತದೆ. ಓದುಗರ ತಲೆಯೊಳಗೆ ನಡೆಯುವ ಈ ಕೆಲಸವನ್ನು ಯಂತ್ರ ಹೇಗೆ ಮಾಡುತ್ತದೆ ಎಂದು ಹುಡುಕುತ್ತಾ ಹೊರಟರೆ ದಾರಿ ಎಲ್ಲೆಲ್ಲಿಗೋ ಒಯ್ಯುತ್ತದೆ. ತಾಳೆಗರಿಗಳಿಗೆ, ಷಟ್ಪದಿಯ ಮಾತ್ರೆಗಳಿಗೆ, ಸುತ್ತಲಿನ ಊರುಗಳ ಹೆಸರುಗಳಿಗೆ, ಕೊನೆಗೆ ಇನ್ನೂ ಬರೆದೇ ಇರದ ಮುಂದಿನ ಪದಕ್ಕೆ!

ಮೊದಲು ತೊಡಕಿನ ಗಾತ್ರ ನೋಡೋಣ. bele ಎಂಬುದರಲ್ಲಿ ಮೊದಲ e ಹ್ರಸ್ವವಾಗಿರಬಹುದು, ದೀರ್ಘವಾಗಿರಬಹುದು. ಕೊನೆಯ e ಕೂಡ ಹಾಗೆಯೇ. ನಡುವಿನ l ಎಂಬುದು ಲ ಆಗಬಹುದು, ಳ ಆಗಬಹುದು. ಎರಡನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿ: ಎಂಟು ರೂಪ. ಇದು ಎರಡು ಸ್ವರದ ಪುಟ್ಟ ಪದ. ಒಂದೊಂದು ಸ್ವರ ಸೇರಿದಾಗಲೂ ಲೆಕ್ಕ ಇಮ್ಮಡಿಯಾಗುತ್ತದೆ. ಐದು ಪದಗಳ ಒಂದು ಸಾಮಾನ್ಯ ವಾಕ್ಯದಲ್ಲಿ ಹದಿನೈದು ಸ್ವರಗಳಿದ್ದರೆ, ಸ್ವರಗಳ ಗೊಂದಲವೊಂದರಿಂದಲೇ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಕನ್ನಡ ಬರಹಗಳು ಹುಟ್ಟುತ್ತವೆ. ಅವುಗಳಲ್ಲಿ ಬರೆದವರ ಮನಸ್ಸಿನಲ್ಲಿದ್ದದ್ದು ಒಂದೇ ಒಂದು.

ಹಾಗಾದರೆ ದೀರ್ಘಕ್ಕೆ ಎರಡು ಅಕ್ಷರ ಹಾಕಿದರಾಯಿತಲ್ಲ ಎನ್ನಬಹುದು. ಅ, ಇ, ಉ ವಿಷಯದಲ್ಲಿ ಅದು ನಿಜ. aa ಎಂದರೆ ಆ, ee ಎಂದರೆ ಈ, oo ಎಂದರೆ ಊ. ಇಂಗ್ಲಿಷ್ ಓದಿದ ರೂಢಿಯಿಂದ ee, oo ನಮ್ಮ ಕೈಗೆ ಬಂದಿವೆ. ಆದರೆ ಇಲ್ಲೇ ಒಂದು ಗುಟ್ಟಿದೆ! ee ಈಗಾಗಲೇ ಈ-ಗೆ ಹೋಯಿತು, oo ಊ-ಗೆ ಹೋಯಿತು. ಇನ್ನು ಏ ಮತ್ತು ಓ-ಗೆ ಉಳಿದದ್ದೇನು? ಏನೂ ಇಲ್ಲ. ಅದಕ್ಕೇ beeja ಎಂದು ಬರೆದರೆ ಬೀಜ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಬೇಳೆಯನ್ನು beele ಎಂದು ಬರೆದರೆ ಓದುವವರು ‘ಬೀಳೆ’ ಎನ್ನುತ್ತಾರೆ. ಆದ್ದರಿಂದ ಜನ beku, hogu, nodu, mele ಎಂದು ಒಂದೇ ಅಕ್ಷರದಲ್ಲಿ ಬರೆದು ಮುಗಿಸುತ್ತಾರೆ. ಕನ್ನಡದ ಐದು ಹ್ರಸ್ವ-ದೀರ್ಘ ಜೋಡಿಗಳಲ್ಲಿ ಮೂರಕ್ಕೆ ರೂಢಿಯ ಗುರುತು ಇದೆ, ಎರಡಕ್ಕೆ ಇಲ್ಲ. ಕಷ್ಟವೆಲ್ಲ ಬಂದು ಕೂತಿರುವುದು ಆ ಎರಡರ ಮೇಲೆ.

ಈ ತೂತು ರೋಮನ್ ಲಿಪಿಯಲ್ಲಿ ಏಕೆ ಉಳಿಯಿತು ಎಂಬುದೂ ಅಷ್ಟೇ ಸೋಜಿಗ. ಸಂಸ್ಕೃತದಲ್ಲಿ ಏ, ಓ ಯಾವಾಗಲೂ ದೀರ್ಘ. ಹ್ರಸ್ವ ಎ, ಒ ಎಂಬುವು ಅಲ್ಲಿಲ್ಲ. ಸಂಸ್ಕೃತವನ್ನು ರೋಮನ್ ಅಕ್ಷರದಲ್ಲಿ ಬರೆಯುವ ವಿದ್ವಾಂಸರ ಪದ್ಧತಿಯಲ್ಲಿ a, i, u ಮೇಲೆ ದೀರ್ಘಕ್ಕೊಂದು ಗೆರೆ ಇದೆ. e, o ಮೇಲೆ ಗೆರೆ ಬೇಕಾಗಲೇ ಇಲ್ಲ. ಆದರೆ ಕನ್ನಡ, ತುಳು, ತೆಲುಗು, ತಮಿಳು, ಮಲಯಾಳಗಳಿಗೆ ಅದು ಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದ ಕಿಟ್ಟೆಲ್ ನಿಘಂಟಿನಲ್ಲಿ ಕನ್ನಡ ಪದಗಳ ರೋಮನ್ ರೂಪಕ್ಕೆ ದೀರ್ಘದ ಗುರುತುಗಳಿವೆ. 2001ರಲ್ಲಿ ಬಂದ ISO 15919 ಎಂಬ ಅಂತರರಾಷ್ಟ್ರೀಯ ಮಾನಕವೂ ಏ, ಓ-ಗೆ ಬೇರೆ ಗುರುತು ಕೊಟ್ಟಿತು. ಆದರೆ ಗೆರೆ ಎಳೆಯುವ ಕೀಲಿ ಪಂಜದವರ ಫೋನಿನಲ್ಲಿ ಎಲ್ಲಿದೆ?

ಗಣಕದ ಕೀಲಿಮಣೆಗೆ ಬಂದಾಗ ಈ ತೂತನ್ನು ನಮ್ಮದೇ ಕರಾವಳಿಯವರೊಬ್ಬರು ಅಚ್ಚುಕಟ್ಟಾಗಿ ಮುಚ್ಚಿದರು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಸಣ್ಣ e ಒತ್ತಿದರೆ ಹ್ರಸ್ವ, ಶಿಫ್ಟ್ ಹಿಡಿದು E ಒತ್ತಿದರೆ ದೀರ್ಘ. l ಎಂದರೆ ಲ, L ಎಂದರೆ ಳ. 1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’ ತಂತ್ರಾಂಶದಲ್ಲೂ ಏ, ಓ-ಗೆ ಇದೇ ದೊಡ್ಡಕ್ಷರದ ದಾರಿ. ಹೀಗೆ ಬರೆದರೆ ನಮ್ಮ ನಾಲ್ಕು ಮಾತುಗಳೂ ಬೇರೆ ಬೇರೆಯಾಗಿ ಎದ್ದು ನಿಲ್ಲುತ್ತವೆ:

```
bele   ಬೆಲೆ
beLe   ಬೆಳೆ
bELe   ಬೇಳೆ
bEle   ಬೇಲೆ
```

ಎಷ್ಟು ಚೊಕ್ಕ! ಊಹೆಯ ಮಾತೇ ಇಲ್ಲ. ಒತ್ತಿದ್ದೇ ಮೂಡುತ್ತದೆ. ಕಲಿತ ಬೆರಳಿಗೆ ಇದಕ್ಕಿಂತ ನಂಬಿಕಸ್ತ ದಾರಿ ಇನ್ನೂ ಹುಟ್ಟಿಲ್ಲ. ಆದರೆ ಫೋನಿನ ಗಾಜಿನ ಮೇಲೆ ಹೆಬ್ಬೆರಳಿನಲ್ಲಿ ಬರೆಯುವಾಗ ಪದದ ನಡುವೆ ದೊಡ್ಡಕ್ಷರ ಹಾಕುವವರು ವಿರಳ. ಎಲ್ಲರೂ bele ಎಂದೇ ಬರೆಯುತ್ತಾರೆ. ಹಾಗಾಗಿ ಬರೆದವರು ಬಿಟ್ಟದ್ದನ್ನು ತುಂಬಿಕೊಡುವ ಕೆಲಸ ಯಂತ್ರದ ಪಾಲಿಗೆ ಬಂತು.

ಇಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಬರುತ್ತದೆ. ಬಿಟ್ಟುಹೋದ ಏ-ಓಗಳನ್ನು ತುಂಬಿಕೊಂಡು ಓದುವುದು ಫೋನಿನ ಕಾಲದ ಹೊಸ ಕಸರತ್ತೇನಲ್ಲ. ನಮ್ಮ ಹಿರಿಯರು ಶತಮಾನಗಳ ಕಾಲ ಕನ್ನಡವನ್ನು ಓದಿದ್ದೇ ಹೀಗೆ! ಹಳೆಯ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ಎ-ಏ, ಒ-ಓ ನಡುವಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಗುರುತಿಸುತ್ತಿರಲಿಲ್ಲ. ಈಗ ನಾವು ‘ಬೇ’ ಬರೆಯುವಾಗ ಕೊನೆಗೆ ಎಳೆಯುವ ಆ ದೀರ್ಘದ ಗುರುತು ಬರಹದಲ್ಲಿ ನೆಲೆಗೊಂಡದ್ದು ಬಹಳ ತಡವಾಗಿ. ತುಳುನಾಡಿನ ತಿಗಳಾರಿ ಲಿಪಿಯದೂ ಅದೇ ಕತೆ. ಅದು ಹೆಚ್ಚಾಗಿ ಸಂಸ್ಕೃತ ಬರೆಯಲು ಬೆಳೆದ ಲಿಪಿ. 2024ರಲ್ಲಿ ಯುನಿಕೋಡ್ ಅದನ್ನು ‘ತುಳು-ತಿಗಳಾರಿ’ ಎಂದು ಸೇರಿಸಿಕೊಂಡಾಗ ಸ್ವರಗಳ ಸಾಲಿನಲ್ಲಿ ಈ ಎರಡು ಜೋಡಿಗಳಿಂದ ಇದ್ದದ್ದು ಏ ಮತ್ತು ಓ ಮಾತ್ರ.

ಹಾಗಾದರೆ ಹಳೆಯ ಗ್ರಂಥ ಸಂಪಾದಿಸುವವರು ಬೆ ಯಾವುದು, ಬೇ ಯಾವುದು ಎಂದು ತಿಳಿಯುತ್ತಿದ್ದದ್ದು ಹೇಗೆ? ಅರ್ಥ ಒಂದು ದಾರಿ. ಇನ್ನೊಂದು ದಾರಿ ಛಂದಸ್ಸು! ಯಕ್ಷಗಾನ ನೋಡಿ ಬೆಳೆದ ಈ ಸೀಮೆಯವರ ಕಿವಿಗೆ ಭಾಮಿನಿ ಷಟ್ಪದಿಯ ನಡೆ ಹೊಸದಲ್ಲ. ಅದರ ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಲ್ಲಿ ಹರಿಯುತ್ತದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ‘ಬೆಲೆ’ಗೆ ಎರಡು ಮಾತ್ರೆ, ‘ಬೇಳೆ’ಗೆ ಮೂರು. ಹಾಗಾಗಿ ಮೂರು ಮಾತ್ರೆಯ ಗಣವನ್ನು ಆ ಒಂದೇ ಪದ ತುಂಬಬೇಕಾಗಿ ಬಂದರೆ ಅಲ್ಲಿ ದೀರ್ಘವಲ್ಲದೆ ಬೇರೆ ಏನೂ ಕೂರುವುದಿಲ್ಲ. ಗರಿಯ ಮೇಲೆ ಬರೆಯದೇ ಬಿಟ್ಟ ದೀರ್ಘವನ್ನು ಲಯ ಬಾಯಿಬಿಟ್ಟು ಹೇಳುತ್ತದೆ!

ಈ ಲಯದ ಒಳಗುಟ್ಟುಗಳನ್ನು ‘ಛಂದೋಗತಿ’ಯಲ್ಲಿ ವಿವರಿಸಿದವರು ದಕ್ಷಿಣ ಕನ್ನಡದ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರು. ಕೆ.ಪಿ. ರಾವ್ ತಮ್ಮ ಕನ್ನಡ ಬೆರಳಚ್ಚು ತಂತ್ರಾಂಶಕ್ಕೆ ಇಟ್ಟ ಹೆಸರು ಯಾವುದು ಗೊತ್ತೇ? ‘ಸೇಡಿಯಾಪು’! ಹ್ರಸ್ವ-ದೀರ್ಘಗಳನ್ನು ಕಿವಿಯಿಂದ ಅಳೆದವರ ಹೆಸರು ಅವುಗಳನ್ನು ಬೆರಳಿಗೆ ತಂದ ತಂತ್ರಾಂಶದ ಮೇಲೆ ಕೂತಿತು. ಆ ಹೆಸರನ್ನೇ ರೋಮನ್‌ನಲ್ಲಿ Sediyapu ಎಂದು ಬರೆದು ನೋಡಿ. ಸೇ ದೀರ್ಘ ಎಂದಾಗಲಿ, ಯಾ ದೀರ್ಘ ಎಂದಾಗಲಿ ಅದರಲ್ಲಿ ಎಲ್ಲೂ ಕಾಣುವುದಿಲ್ಲ.

ಸರಿ, ಫೋನಿನ ಸಂದೇಶಕ್ಕೆ ಷಟ್ಪದಿಯ ಲಯವಿಲ್ಲ. ಆದರೆ ಕನ್ನಡ ಪದಗಳಿಗೇ ಒಂದು ಒಳಕಟ್ಟು ಇದೆ. ಅದನ್ನು ಪಂಜದ ಸುತ್ತಲಿನ ಊರುಗಳ ಹೆಸರಿನಲ್ಲೇ ಪರೀಕ್ಷಿಸಬಹುದು.

Panja. ಎರಡು a, ನಾಲ್ಕು ರೂಪ: ಪಂಜ, ಪಾಂಜ, ಪಂಜಾ, ಪಾಂಜಾ. ಕನ್ನಡದ ಪದಗಳು ಬಹುಪಾಲು ಹ್ರಸ್ವದಲ್ಲಿ ಮುಗಿಯುತ್ತವೆ. ಮರ, ಮನೆ, ಹುಲಿ, ಕಲ್ಲು, ಯಾವುದನ್ನು ಬೇಕಾದರೂ ನೋಡಿ. ಹಾಗಾಗಿ ಜಾ ಹೋಯಿತು. ಅಚ್ಚಗನ್ನಡ ಪದಗಳಲ್ಲಿ ಸೊನ್ನೆಯ ಹಿಂದಿನ ಸ್ವರ ಸಾಮಾನ್ಯವಾಗಿ ಹ್ರಸ್ವ: ಕಂಬ, ತಂಗಿ, ನಂಜು, ಬಂದ. ಹಾಗಾಗಿ ಪಾ ಕೂಡ ಹೋಯಿತು. ಉಳಿದದ್ದು ಪಂಜ! ನಿಘಂಟು ತೆರೆಯದೆ, ನಕಾಶೆ ನೋಡದೆ, ಪದದ ಕಟ್ಟಿನಿಂದಲೇ ಊರು ಸಿಕ್ಕಿತು.

ಇನ್ನು Bellare. ಮೂರು ಸ್ವರ, ಜೊತೆಗೆ ll ಎಂಬುದು ಲ್ಲ ಅಥವಾ ಳ್ಳ. ಒಟ್ಟು ಹದಿನಾರು ರೂಪ. ಕೊನೆಯ ಸ್ವರ ಹ್ರಸ್ವ ಎಂದರೆ ಎಂಟು ಉಳಿಯಿತು. ಒತ್ತಕ್ಷರದ ಹಿಂದೆ ಕನ್ನಡದಲ್ಲಿ ಬಹುಪಾಲು ಹ್ರಸ್ವವೇ ಬರುತ್ತದೆ. ಹಲ್ಲು-ಹಾಲು, ಕಲ್ಲು-ಕಾಲು ಜೋಡಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆ ಪ್ರಕಾರ ಮೊದಲಕ್ಷರ ಬೆ. ಈಗ ನಾಲ್ಕು ಉಳಿದವು: ಬೆಲ್ಲರೆ, ಬೆಲ್ಲಾರೆ, ಬೆಳ್ಳರೆ, ಬೆಳ್ಳಾರೆ. ಇವುಗಳಲ್ಲಿ ಯಾವುದನ್ನೂ ಕನ್ನಡದ ಕಟ್ಟು ತಳ್ಳಿಹಾಕುವುದಿಲ್ಲ. ನಾಲ್ಕೂ ಬಾಯಿಗೆ ಒಗ್ಗುತ್ತವೆ. ಇಲ್ಲಿ ಯಂತ್ರಕ್ಕೆ ಊರಿನ ಹೆಸರು ಗೊತ್ತಿರಲೇಬೇಕು. ಕಟ್ಟು ಅರ್ಧ ದಾರಿ ಕರೆತಂದಿತು, ಇನ್ನರ್ಧಕ್ಕೆ ನೆನಪು ಬೇಕು.

Puttur ಎಂಬಲ್ಲಿ tt ಇರುವುದರಿಂದ ಮೊದಲ ಉ ಹ್ರಸ್ವ. ಊರಿನ ಹೆಸರಿನ ಕೊನೆಗೆ ur ಬಂದರೆ ಅದು ‘ಊರು’ ಎಂದು ಯಂತ್ರ ನೂರಾರು ಹೆಸರುಗಳಿಂದ ಕಲಿತಿರುತ್ತದೆ. 2014ರ ನವೆಂಬರ್‌ನಲ್ಲಿ ಸರಕಾರ ಹನ್ನೆರಡು ನಗರಗಳ ಹೆಸರನ್ನು ಕನ್ನಡದ ಉಚ್ಚಾರಕ್ಕೆ ಒಗ್ಗಿಸಿತಲ್ಲ, ಅಲ್ಲಿಯೂ Mangaluru ಎಂಬುದರ ಎರಡು u-ಗಳಲ್ಲಿ ಮೊದಲನೆಯದು ದೀರ್ಘ, ಎರಡನೆಯದು ಹ್ರಸ್ವ ಎಂಬುದಕ್ಕೆ ಗುರುತಿಲ್ಲ. ನಾವು ಗಮನಿಸದೆಯೇ ಸರಿಯಾಗಿ ಓದುತ್ತೇವೆ! ಇನ್ನು Sullia. ಅದರ ia-ದಿಂದ ‘ಸುಳ್ಯ’ದ ಳ್ಯ ಹುಟ್ಟಿಸುವ ನಿಯಮವನ್ನು ಯಾರೂ ಮೊದಲೇ ಬರೆದಿಡಲಾರರು. ಅದು ಹಳೆಯ ಇಂಗ್ಲಿಷ್ ಕಡತಗಳ ರೂಢಿ, ಪೂರಾ ನೆನಪಿನ ಬಾಬತ್ತು. ಪಂಜ ಕಟ್ಟಿನಿಂದ ಸಿಕ್ಕಿತು, ಬೆಳ್ಳಾರೆ ಅರ್ಧ ಸಿಕ್ಕಿತು, ಸುಳ್ಯ ಬಾಯಿಪಾಠವಾಗಿದ್ದರೆ ಮಾತ್ರ ಸಿಗುತ್ತದೆ. ಲಿಪ್ಯಂತರದ ಇಡೀ ಶಾಸ್ತ್ರ ಒಂದು ಬಸ್ಸಿನ ದಾರಿಯೊಳಗೆ ಅಡಗಿದೆ!

ಈ ಕಟ್ಟುಗಳು ಎಲ್ಲಿ ಕೈಕೊಡುತ್ತವೆ ಎಂದೂ ತಿಳಿದಿರಬೇಕು. 2022ರ ಚಲನಚಿತ್ರದ ಹೆಸರು Kantara. ಸೊನ್ನೆಯ ಹಿಂದೆ ಹ್ರಸ್ವ ಎಂಬ ನಿಯಮ ಹಿಡಿದರೆ ‘ಕಂತರ’ ಬರುತ್ತದೆ. ಆದರೆ ಅದು ಸಂಸ್ಕೃತ ಪದ, ಕಾಂತಾರ. ಶಾಂತಿ, ಪಾಂಡವರೂ ಹೀಗೆಯೇ ನಿಯಮದ ಹೊರಗೆ ನಿಲ್ಲುತ್ತಾರೆ. ಒತ್ತಕ್ಷರದ ನಿಯಮಕ್ಕೆ ‘ಆದ್ದರಿಂದ’ ಎಂಬ ದಿನಬಳಕೆಯ ಮಾತೇ ಎದುರಾಗುತ್ತದೆ. ಆದ್ದರಿಂದ ಒಳ್ಳೆಯ ವ್ಯವಸ್ಥೆ ಇವುಗಳನ್ನು ಕಟ್ಟಪ್ಪಣೆಯಾಗಿ ಇಟ್ಟುಕೊಳ್ಳುವುದಿಲ್ಲ. ಯಾವ ರೂಪ ಎಷ್ಟು ಸಂಭವ ಎಂಬ ತೂಕವಾಗಿ ಇಟ್ಟುಕೊಳ್ಳುತ್ತದೆ. ಗೊತ್ತಿರುವ ಪದ ಎದುರು ಬಂದಾಗ ತೂಕ ಬಾಗುತ್ತದೆ.

ಇಲ್ಲಿಂದ ಮುಂದೆ ಕೆಲಸ ಮಾಡುವುದು ಮೂರು ತೂಕಗಳು. ಈ ಪದ ಕನ್ನಡದಲ್ಲಿ ಎಷ್ಟು ಬಳಕೆಯಲ್ಲಿದೆ? ಈ ಪದವನ್ನು ಜನ ರೋಮನ್‌ನಲ್ಲಿ ಹೀಗೆ ಬರೆಯುವುದು ಎಷ್ಟು ಸಹಜ? ಅಕ್ಕಪಕ್ಕದ ಪದಗಳ ಜೊತೆ ಇದು ಎಷ್ಟು ಹೊಂದುತ್ತದೆ? ಮೂರನ್ನೂ ಗುಣಿಸಿ, ಗೆದ್ದ ರೂಪವನ್ನು ಮೇಲಿಡುವುದು. ಮೂಲ ಬರಹ ದಾರಿಯಲ್ಲಿ ಎಲ್ಲೋ ಮಸುಕಾಯಿತು, ಅದನ್ನು ಮರಳಿ ಪಡೆಯಬೇಕು ಎಂಬ ಈ ಯೋಚನೆಯನ್ನು ಜಪಾನಿ ಲಿಪಿಯಲ್ಲಿ ಬರೆದ ಇಂಗ್ಲಿಷ್ ಪದಗಳ ಮೇಲೆ ಕೆವಿನ್ ನೈಟ್ ಮತ್ತು ಜೊನಾಥನ್ ಗ್ರೇಲ್ 1990ರ ದಶಕದಲ್ಲೇ ಪ್ರಯೋಗಿಸಿ ತೋರಿಸಿದ್ದರು.

ಎರಡನೆಯ ತೂಕಕ್ಕೆ, ಅಂದರೆ ಜನ ಹೇಗೆ ಬರೆಯುತ್ತಾರೆ ಎಂಬುದಕ್ಕೆ, ಜನರನ್ನೇ ಕೇಳಬೇಕು. 2020ರಲ್ಲಿ ಗೂಗಲ್ ಸಂಶೋಧಕರು ಕನ್ನಡವೂ ಸೇರಿ ಹನ್ನೆರಡು ಭಾಷೆಗಳಿಗೆ ಇಂಥ ಸಂಗ್ರಹವೊಂದನ್ನು ಹೊರತಂದರು. ಆಯಾ ಭಾಷೆ ಬಲ್ಲವರಿಗೆ ವಿಕಿಪೀಡಿಯದ ಪದಗಳನ್ನೂ ವಾಕ್ಯಗಳನ್ನೂ ಕೊಟ್ಟು, ನಿಮಗೆ ತೋಚಿದಂತೆ ರೋಮನ್‌ನಲ್ಲಿ ಬರೆಯಿರಿ ಎಂದರು. ಅದಕ್ಕಿಟ್ಟ ಹೆಸರು ‘ದಕ್ಷಿಣ’! 2022ರಲ್ಲಿ ಐಐಟಿ ಮದ್ರಾಸಿನ ಎಐ4ಭಾರತ್ ತಂಡ ‘ಅಕ್ಷರಾಂತರ’ ಎಂಬ ಸಂಗ್ರಹ ತಂದಿತು. ಇಪ್ಪತ್ತೊಂದು ಭಾಷೆಗಳ ಸುಮಾರು 2.6 ಕೋಟಿ ಪದಜೋಡಿಗಳು ಅದರಲ್ಲಿವೆ.

ಜನರ ಬರವಣಿಗೆಯಲ್ಲಿ ಒಂದು ಚೆಂದದ ಅಸಮತೋಲ ಇದೆ. ಯಾರಾದರೂ baale ಎಂದು ಬರೆದರೆ ಅಲ್ಲಿ ದೀರ್ಘ ಇದ್ದೇ ಇದೆ. ಬೇಕೆಂದೇ ಎರಡನೇ a ಒತ್ತಿದ್ದಾರೆ. ಆದರೆ bale ಎಂದು ಬರೆದರೆ ಹ್ರಸ್ವ ಎಂದು ಸಾಬೀತಾಗುವುದಿಲ್ಲ. ಬಳೆ, ಬಲೆ, ಬಾಳೆ, ಬಾಲೆ ಯಾವುದೂ ಆಗಬಹುದು. ಗುರುತು ಇದ್ದರೆ ಸಾಕ್ಷಿ, ಇಲ್ಲದಿದ್ದರೆ ಮೌನ. ಆ ಮೌನಕ್ಕೂ ಒಂದೊಮ್ಮೆ ಬಾಯಿ ಬರುತ್ತದೆ! naale bale tarteeni ಎಂದು ಬರೆದವರನ್ನು ನೋಡಿ. ನಾಳೆಯ ದೀರ್ಘಕ್ಕೆ ಅವರು aa ಹಾಕಿದ್ದಾರೆ. ದೀರ್ಘ ಗುರುತಿಸುವ ಅಭ್ಯಾಸ ಅವರಿಗಿದೆ. ಹಾಗಿದ್ದೂ bale-ಗೆ ಒಂದೇ a ಹಾಕಿದ್ದಾರೆ ಎಂದರೆ ಅದು ಬಳೆಯೋ ಬಲೆಯೋ ಇರಬೇಕು, ಬಾಳೆ ಇರುವುದು ಕಷ್ಟ. ಅದೇ ಇನ್ನೊಬ್ಬರು nale bale tartini ಎಂದರೆ ಬಾಳೆಗೆ ಬಾಗಿಲು ತೆರೆದೇ ಇರುತ್ತದೆ. ಒಂದು ಪದದ ಬರವಣಿಗೆ ಪಕ್ಕದ ಪದದ ಸ್ವರವನ್ನು ಬಿಡಿಸಿಕೊಡುತ್ತದೆ.

ಇನ್ನು ಮೂರನೆಯ ತೂಕ, ಅಕ್ಕಪಕ್ಕ. ನಮ್ಮ ಕೃಷಿಕರ ಸಂದೇಶ ಪೂರ್ತಿ ಹೀಗಿದೆ ಎನ್ನೋಣ: panjadalli ivattu adike bele eshtu. ಮೊದಲ ಪದದಲ್ಲಿ dalli ಎಂಬ ಬಾಲ ಕಂಡ ಕೂಡಲೇ ‘ದಲ್ಲಿ’ ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಪಂಜಕ್ಕೆ, ಪಂಜದವರು, ಪಂಜದಿಂದಲೇ ಎಂದು ಒಂದೊಂದು ಹೆಸರೂ ಹತ್ತಾರು ರೂಪ ತಾಳುವುದರಿಂದ, ಇಡೀ ಪದಗಳ ಪಟ್ಟಿಗಿಂತ ಇಂಥ ಬಾಲಗಳ ತಿಳಿವಳಿಕೆಯೇ ಹೆಚ್ಚು ಕೆಲಸ ಮಾಡುತ್ತದೆ. ivattu ಇವತ್ತು, adike ಅಡಿಕೆ, eshtu ಎಷ್ಟು. ಇವುಗಳ ಬೇರೆ ರೂಪಗಳು ಬಳಕೆಯಲ್ಲಿಲ್ಲ. ಉಳಿದದ್ದು bele. ಅಡಿಕೆಯ ಪಕ್ಕ ಬೇಳೆ ಕೂರುವುದಿಲ್ಲ. ಸುತ್ತ ಕನ್ನಡವೇ ಇರುವುದರಿಂದ ತುಳುವಿನ ಬೇಲೆಯೂ ಹಿಂದೆ ಸರಿಯಿತು. ಈಗ ಬೆಲೆ ಮತ್ತು ಬೆಳೆ ಎದುರುಬದುರಾದವು. ಅಡಿಕೆಗೆ ಎರಡೂ ಒಗ್ಗುತ್ತವೆ, ‘ಎಷ್ಟು’ ಎಂಬುದೂ ಎರಡಕ್ಕೂ ಒಗ್ಗುತ್ತದೆ. ತೀರ್ಪು ಕೊಡುವುದು ದೂರದಲ್ಲಿ ಕೂತ ‘ಇವತ್ತು’! ದಿನದಿನಕ್ಕೆ ಬದಲಾಗುವುದು ಧಾರಣೆ. ಬೆಳೆಯನ್ನು ವರ್ಷದ ಲೆಕ್ಕದಲ್ಲಿ ಕೇಳುತ್ತಾರೆ. ಹಾಗಾಗಿ ಬೆಲೆ.

ಈ ತೂಕ ಊರಿನಿಂದ ಊರಿಗೂ ಬದಲಾಗುತ್ತದೆ. nale kola ide ಎಂದು ಪಂಜದಿಂದ ಸಂದೇಶ ಬಂದರೆ ಅದು ದೈವದ ಕೋಲ. ಅದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಘಟ್ಟದ ಮೇಲಿನ ಬರಹಗಳಿಂದಷ್ಟೇ ಕಲಿತ ಯಂತ್ರಕ್ಕೆ ನೀರಿನ ಕೊಳ ಹೆಚ್ಚು ಪರಿಚಿತ. ‘ನಾಳೆ’ ಎಂಬುದನ್ನು ಗಮನಿಸಿದರೆ ಮಾತ್ರ ಅದಕ್ಕೂ ಹೊಳೆಯುತ್ತದೆ: ಕೊಳ ನಾಳೆಗೆಂದು ಇರುವುದಿಲ್ಲ, ಕೋಲ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಬೆರಗು ಇನ್ನು ಬರುತ್ತದೆ. ಪದದ ಕೊನೆಯ ಸ್ವರ ಹ್ರಸ್ವ ಎಂದೆನಲ್ಲ, ಆ ನಿಯಮ ಮುರಿಯುವ ಒಂದು ಜಾಗ ಕನ್ನಡದ ಎದೆಯಲ್ಲೇ ಇದೆ. avaru bandaru ಎಂದು ಬರೆಯಿರಿ. ಅವರು ಬಂದರು. ಯಂತ್ರವೂ ಹಾಗೆಯೇ ಬರೆದುಕೊಡುತ್ತದೆ. ಈಗ ಮುಂದುವರಿಸಿ: avaru bandaru nanu baralla. ಅವರು ಬಂದರೂ ನಾನು ಬರಲ್ಲ! bandaru ಎಂಬುದರ ಒಂದಕ್ಷರವೂ ಬದಲಾಗಲಿಲ್ಲ. ಆದರೂ ಮುಗಿದ ಸಂಗತಿಯೊಂದು ಷರತ್ತಾಗಿ ತಿರುಗಿತು. ಆ ಕೊನೆಯ ಉ ಊ ಆದದ್ದು ಅದರ ಬಲಕ್ಕೆ ಬಂದ ‘ಬರಲ್ಲ’ದಿಂದ. ಸ್ವರ ಬರೆಯುವ ಹೊತ್ತಿಗೆ ಅದನ್ನು ನಿರ್ಧರಿಸುವ ಪದ ಇನ್ನೂ ಹುಟ್ಟಿಯೇ ಇರಲಿಲ್ಲ!

ಪದ ಮುಗಿದು ಸ್ಪೇಸ್ ಒತ್ತಿದ ಕೂಡಲೇ ತೀರ್ಮಾನ ಮಾಡುವ ಯಾವ ಸಾಧನಕ್ಕೂ ಇದು ದಾಟಲಾಗದ ಗೆರೆ. ಎಷ್ಟೇ ಕಲಿತಿದ್ದರೂ ಮುಂದಿನ ಪದ ಅದರ ಬಳಿ ಇಲ್ಲ. ಇಡೀ ವಾಕ್ಯ ಕೈಗೆ ಬರುವ ತನಕ ಕಾಯುವ, ಇಲ್ಲವೇ ಬರೆದದ್ದನ್ನು ಹಿಂದಿರುಗಿ ತಿದ್ದುವ ವ್ಯವಸ್ಥೆಗೆ ಮಾತ್ರ ‘ಬಂದರೂ’ ಸಿಗುತ್ತದೆ. ನಿಮ್ಮ ಫೋನಿನ ಸಾಧನ ಯಾವ ಜಾತಿಯದು ಎಂದು ತಿಳಿಯಲು ಈ ಒಂದು ವಾಕ್ಯ ಸಾಕು. ಬರೆದು ನೋಡಿ. ಕೊನೆಯ ಪದ ಮುಗಿದ ಮೇಲೆ ಹಿಂದಿನ ‘ಬಂದರು’ ತಾನಾಗಿ ‘ಬಂದರೂ’ ಆಯಿತೇ?

ತಪ್ಪು ಹಿಡಿಯುವುದು ಹೇಗೆ ಎಂಬುದೂ ಇಲ್ಲಿ ಹೊಸದಾಗಿ ಯೋಚಿಸಬೇಕಾದ ವಿಷಯ. ಕಾಗುಣಿತ ತಿದ್ದುವ ಸಾಧನ ನೆರವಾಗುವುದಿಲ್ಲ. ಬೆಲೆಯ ಜಾಗದಲ್ಲಿ ಬೆಳೆ ಬಂದರೆ ಅದೂ ಸರಿಯಾದ ಪದವೇ. ಮೂಡಿದ ಕನ್ನಡವನ್ನು ಮತ್ತೆ ರೋಮನ್‌ಗೆ ತಿರುಗಿಸಿ ಮೊದಲಿನದರ ಜೊತೆ ಹೋಲಿಸುವುದೂ ವ್ಯರ್ಥ. ಎರಡೂ bele ಆಗಿಯೇ ಮರಳುತ್ತವೆ. ತಪ್ಪಾದ ಅಕ್ಷರ ಎಷ್ಟು ಎಂಬ ಲೆಕ್ಕವೂ ಮೋಸ ಮಾಡುತ್ತದೆ. ತೋಟಕ್ಕೆ ಮಳೆಗಾಲದಲ್ಲಿ ಬರುವ ಕೊಳೆರೋಗವನ್ನು ಇಲ್ಲಿನವರು ‘ಕೊಳೆ’ ಎಂದಷ್ಟೇ ಹೇಳುತ್ತಾರೆ. totadalli kole ಎಂಬುದು ‘ತೋಟದಲ್ಲಿ ಕೊಲೆ’ ಎಂದು ಮೂಡಿದರೆ ತಪ್ಪಿದ್ದು ಒಂದೇ ಅಕ್ಷರ, ಓದಿದವರು ಓಡಿಬರುವುದು ಬೇರೆಯೇ ಕಾರಣಕ್ಕೆ. ಆದ್ದರಿಂದ ಒಂದು ಸಾಧನವನ್ನು ಅಳೆಯಬೇಕಾದರೆ ಬೆಲೆ-ಬೆಳೆ, ಕೊಳ-ಕೋಲ, ಬಂದರು-ಬಂದರೂ ಇಂಥ ಜೋಡಿಗಳನ್ನು ಹುಡುಕಿ, ಪ್ರತಿಯೊಂದನ್ನೂ ಎರಡೆರಡು ವಾಕ್ಯಗಳಲ್ಲಿ ಇಟ್ಟು, ಎರಡರಲ್ಲೂ ಸರಿಯಾದದ್ದು ಬರುತ್ತದೆಯೇ ಎಂದು ನೋಡಬೇಕು. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಎಂದಾದರೆ ಅದು ಅಕ್ಕಪಕ್ಕ ನೋಡುತ್ತಿಲ್ಲ, ಹೆಚ್ಚು ಬಳಕೆಯ ಪದವನ್ನು ಸುಮ್ಮನೆ ಎತ್ತಿಕೊಡುತ್ತಿದೆ ಎಂದರ್ಥ.

ಯಾರಿಂದಲೂ ಬಿಡಿಸಲಾಗದ ವಾಕ್ಯಗಳೂ ಇವೆ. ee varsha adike bele kammi. ಈ ವರ್ಷ ಅಡಿಕೆಗೆ ಧಾರಣೆ ಕಡಿಮೆಯೇ, ಫಸಲು ಕಡಿಮೆಯೇ? ಎರಡೂ ವರ್ಷದ ಲೆಕ್ಕಕ್ಕೆ ಒಗ್ಗುವ ಮಾತು. ಎರಡೂ ಪಂಜದ ಕೃಷಿಕರು ನಿಜವಾಗಿ ಆಡುವ ಮಾತು. ಪಕ್ಕದ ಮನೆಯವರೇ ಓದಿದರೂ ಕೇಳಿ ತಿಳಿಯಬೇಕು. ಇಲ್ಲಿ ಯಂತ್ರ ಎರಡು ರೂಪಗಳನ್ನೂ ಮುಂದಿಟ್ಟು ಆರಿಸಲು ಬಿಡುವುದೇ ಸರಿ. ಬರೆಯುವವರಿಗೂ ಒಂದು ಸುಲಭದ ದಾರಿ ಇದೆ. ಇಡೀ ವಾಕ್ಯವನ್ನು ಶಿಫ್ಟ್ ಹಿಡಿದು ಬರೆಯಬೇಕಾಗಿಲ್ಲ. ಪಂಜ, ಇವತ್ತು, ಅಡಿಕೆ, ಎಷ್ಟು ಇವೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಎರಡು ಜೀವಂತ ಮಾತುಗಳು ಒಂದೇ ವೇಷದಲ್ಲಿ ನಿಂತ ಕಡೆ, ಕನ್ನಡ ಕೀಲಿಮಣೆಗೆ ಬದಲಾಯಿಸಿ ಆ ಒಂದು ಪದವನ್ನು ಮಾತ್ರ ನೇರವಾಗಿ ಬರೆದರೆ ಸಾಕು. ಸಾವಿರಾರು ರೂಪಗಳು ಹುಟ್ಟುವ ವಾಕ್ಯದಲ್ಲಿ ಮನುಷ್ಯ ತಾನಾಗಿ ಹೇಳಲೇಬೇಕಾದದ್ದು ಹಲವು ಬಾರಿ ಒಂದೇ ಒಂದು ಅಕ್ಷರ! ಮಿಕ್ಕಿದ್ದನ್ನೆಲ್ಲ ಕನ್ನಡದ ಕಟ್ಟು, ಊರಿನ ರೂಢಿ, ಅಕ್ಕಪಕ್ಕದ ಪದಗಳು ಸೇರಿ ಹೇಳಿಬಿಡುತ್ತವೆ.